ಮೂರು ವರ್ಷ ಹೊರಗಿದ್ದು ಅದೇ ಮಂಡಳಿಗೆ ಮರಳುವ ಸ್ವತಂತ್ರ ನಿರ್ದೇಶಕ

ಕಂಪನಿಯೊಂದಿಗಾಗಲಿ ಅದನ್ನು ಹಿಡಿತದಲ್ಲಿಟ್ಟುಕೊಂಡ ಪ್ರವರ್ತಕರೊಂದಿಗಾಗಲಿ ನಂಟಿಲ್ಲದ ಸ್ವತಂತ್ರ ನಿರ್ದೇಶಕರ ಬಗ್ಗೆ ಹೇಳುವ ಕಂಪನಿ ಕಾಯ್ದೆ 2013ರ 149ನೇ ಸೆಕ್ಷನ್ ಜಾರಿಗೆ ಬಂದದ್ದು 2014ರ ಏಪ್ರಿಲ್ 1ರಂದು. ಆ ದಿನದಿಂದಲೇ ಅನೇಕ ಕಂಪನಿಗಳು ತಮ್ಮ ಮಂಡಳಿಯಲ್ಲಿ ಮೊದಲಿನಿಂದಲೂ ಇದ್ದ ಸ್ವತಂತ್ರ ನಿರ್ದೇಶಕರನ್ನು ಹೊಸ ಕಾಯ್ದೆಯ ಅಡಿಯಲ್ಲಿ ಐದು ವರ್ಷಕ್ಕೆ ನೇಮಿಸಿಕೊಂಡವು, 2019ರಲ್ಲಿ ಇನ್ನೈದು ವರ್ಷಕ್ಕೆ ಮರುನೇಮಕ ಮಾಡಿದವು. ಹೀಗೆ ಎರಡು ಅವಧಿ ಪೂರೈಸಿದವರೆಲ್ಲ 2024ರ ಮಾರ್ಚ್ 31ರಂದು ಕುರ್ಚಿ ಬಿಡಬೇಕಾಯಿತು. ಮೂರು ವರ್ಷ ಹೊರಗಿದ್ದ ಮೇಲೆ ಅದೇ ಕಂಪನಿಗೆ ಮರಳಬಹುದು ಎಂದು ಕಾಯ್ದೆ ಹೇಳುವುದರಿಂದ, ಇವರ ಕೂಲಿಂಗ್ ಆಫ್ ಅವಧಿ 2027ರ ಮಾರ್ಚ್ 31ಕ್ಕೆ ಮುಗಿಯುತ್ತದೆ ಮತ್ತು ಮರುದಿನದಿಂದ ಅವರು ಮತ್ತೆ ಅರ್ಹರಾಗುತ್ತಾರೆ. 2014ರ ಆಗಸ್ಟ್, ಸೆಪ್ಟೆಂಬರ್ ತಿಂಗಳ ವಾರ್ಷಿಕ ಮಹಾಸಭೆಯಲ್ಲಿ ನೇಮಕಗೊಂಡವರ ಸರದಿ 2027ರ ಅದೇ ತಿಂಗಳುಗಳಲ್ಲಿ ಬರುತ್ತದೆ. ಕಾಯ್ದೆಯ ಈ ಬಾಗಿಲಿನಿಂದ ಗುಂಪಾಗಿ ಒಳಗೆ ಬರುವ ಅವಕಾಶ ಒದಗುತ್ತಿರುವುದು ಇದೇ ಮೊದಲು.

ಪುಣೆ, ಮುಂಬಯಿಗಳಲ್ಲಿ ನೆಲೆಸಿದ ಕನ್ನಡಿಗರಲ್ಲಿ ನಿವೃತ್ತಿಯ ಹಣವನ್ನು ಷೇರಿನಲ್ಲಿಟ್ಟವರು ಕಡಿಮೆಯಿಲ್ಲ, ಮಹಾಸಭೆಯ ನೋಟಿಸನ್ನು ಸಾಲುಸಾಲಾಗಿ ಓದುವವರೂ ಅವರಲ್ಲಿ ಇದ್ದಾರೆ. ಕೋಥ್ರೂಡಿನಲ್ಲಿರುವ ಧಾರವಾಡ ಕಡೆಯ ಹಿರಿಯರೊಬ್ಬರು ಈ ವಿಷಯ ಬಂದಾಗ ಕೇಳಿದ ಪ್ರಶ್ನೆ ಹಲವರ ಮನಸ್ಸಿನಲ್ಲಿರುವಂಥದ್ದು: "ಅಲ್ರೀ, ಈಗ ಸರಕಾರದವರು ಪರೀಕ್ಷಾನೂ ಇಟ್ಟಾರಲ್ಲ, ಅದನ್ನ ಪಾಸ್ ಆಗಿ ಬಂದವರು ಅಂದ್ರ ನಾವು ನಂಬಬಹುದಲ್ಲ?" ಮರಳಿ ಬರುವ ನಿರ್ದೇಶಕರ ಮಟ್ಟಿಗೆ ಈ ನಂಬಿಕೆಗೆ ಆಧಾರವಿಲ್ಲ. ಆ ಪರೀಕ್ಷೆ ಅವರನ್ನು ಮುಟ್ಟುವುದೇ ಇಲ್ಲ. ಅವರ ಸ್ವಾತಂತ್ರ್ಯವನ್ನು ಸೋಸುವ ಮುಖ್ಯ ಜರಡಿ ಹೊರಗೆ ಕಳೆದ ಮೂರು ವರ್ಷ. ಆ ಮೂರು ವರ್ಷದಲ್ಲಿ ಏನು ನಡೆಯಿತು ಎಂಬುದನ್ನು ಕೇಳಿ ತಿಳಿಯುವ ಹೊಣೆ ಕೊನೆಗೆ ಷೇರುದಾರರ ಮೇಲೆಯೇ ಬೀಳುತ್ತದೆ.

ಮೊದಲು ಪರೀಕ್ಷೆಯ ಮಾತು. 2019ರ ಡಿಸೆಂಬರ್ 1ರಿಂದ, ಸ್ವತಂತ್ರ ನಿರ್ದೇಶಕರಾಗುವವರು ಮಾನೇಸರ್‌ನಲ್ಲಿರುವ ಭಾರತೀಯ ಕಾರ್ಪೊರೇಟ್ ವ್ಯವಹಾರಗಳ ಸಂಸ್ಥೆ ನಡೆಸುವ ಡೇಟಾಬ್ಯಾಂಕಿನಲ್ಲಿ ಹೆಸರು ನೋಂದಾಯಿಸಬೇಕು. ನೋಂದಣಿ ಒಂದು ವರ್ಷಕ್ಕೆ, ಐದು ವರ್ಷಕ್ಕೆ ಅಥವಾ ಆಜೀವ ಇರಬಹುದು, ಅವಧಿ ಮುಗಿದ 30 ದಿನಗಳೊಳಗೆ ನವೀಕರಿಸದಿದ್ದರೆ ಹೆಸರು ತೆಗೆದುಹಾಕಲಾಗುತ್ತದೆ. ಹೆಸರು ಸೇರಿದ ಮೇಲೆ ಆನ್‌ಲೈನ್ ಪರೀಕ್ಷೆಯೊಂದನ್ನು ಉತ್ತೀರ್ಣರಾಗಬೇಕು. ಕಂಪನಿ ಕಾನೂನು, ಷೇರುಪೇಟೆ ಕಾನೂನು, ಮೂಲಭೂತ ಲೆಕ್ಕಪತ್ರ ಶಾಸ್ತ್ರ ಅದರ ಮುಖ್ಯ ವಿಷಯಗಳು. ಆರಂಭದಲ್ಲಿ ಶೇ 60 ಅಂಕ ಬೇಕಿತ್ತು ಮತ್ತು ಒಂದು ವರ್ಷದ ಗಡುವಿತ್ತು. 2020ರ ಡಿಸೆಂಬರ್ ತಿದ್ದುಪಡಿಯಲ್ಲಿ ಅದನ್ನು ಶೇ 50ಕ್ಕೆ ಇಳಿಸಿ, ಗಡುವನ್ನು ಎರಡು ವರ್ಷಕ್ಕೆ ಹಿಗ್ಗಿಸಿದರು. ಎಷ್ಟು ಸಲ ಬೇಕಾದರೂ ಬರೆಯಬಹುದು.

ಈ ಏರ್ಪಾಡಿನಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ನೇಮಕಕ್ಕೆ ಮುಂಚೆ ಕಡ್ಡಾಯವಾದದ್ದು ನೋಂದಣಿಯೇ ಹೊರತು ಉತ್ತೀರ್ಣತೆಯಲ್ಲ. ಹೊಸಬರೊಬ್ಬರು ಇಂದು ಹೆಸರು ಸೇರಿಸಿ, ಮುಂದಿನ ತಿಂಗಳು ಮಂಡಳಿ ಸೇರಿ, ಆಡಿಟ್ ಸಮಿತಿಯಲ್ಲಿ ಕೂತು, ಸುಮಾರು ಎರಡು ವರ್ಷದ ತನಕ ಪರೀಕ್ಷೆಯನ್ನು ಮುಂದೂಡಬಹುದು. ಗಡುವಿನೊಳಗೆ ಪಾಸಾಗದಿದ್ದರೆ ಡೇಟಾಬ್ಯಾಂಕಿನಿಂದ ಹೆಸರು ಹೋಗುತ್ತದೆ ಎಂದು ನಿಯಮ ಹೇಳುತ್ತದೆ, ನಿರ್ದೇಶಕ ಸ್ಥಾನವೇ ತಾನಾಗಿ ತೆರವಾಗುತ್ತದೆ ಎಂದು ಹೇಳುವುದಿಲ್ಲ. ಆದರೆ ಡೇಟಾಬ್ಯಾಂಕಿನ ನಿಯಮಗಳನ್ನು ಪಾಲಿಸಿದ್ದೇನೆ ಎಂಬ ಘೋಷಣೆಯನ್ನು ಅಂಥವರು ಸತ್ಯವಾಗಿ ಸಹಿ ಮಾಡಲಾರರು, ಆ ಘೋಷಣೆಯಿಲ್ಲದೆ ಅವರನ್ನು ಸ್ವತಂತ್ರರ ಲೆಕ್ಕಕ್ಕೆ ಹಿಡಿಯುವುದು ಕಂಪನಿಗೆ ಕಷ್ಟವಾಗುತ್ತದೆ.

ಇನ್ನು ವಿನಾಯಿತಿ. ಹೆಸರು ಸೇರುವ ದಿನಕ್ಕೆ ಒಟ್ಟು ಮೂರು ವರ್ಷ ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಯ ಅಥವಾ ಕನಿಷ್ಠ 10 ಕೋಟಿ ರೂಪಾಯಿ ಪಾವತಿಯಾದ ಬಂಡವಾಳವಿರುವ ಇತರ ಪಬ್ಲಿಕ್ ಕಂಪನಿಯ ನಿರ್ದೇಶಕರಾಗಿದ್ದವರಿಗೆ ಪರೀಕ್ಷೆ ಬೇಕಿಲ್ಲ. ಮೊದಲು ಇದು ಹತ್ತು ವರ್ಷವಿತ್ತು, ಪರೀಕ್ಷೆಯ ಅಂಕ ಇಳಿಸಿದಾಗಲೇ ಇದನ್ನೂ ಮೂರಕ್ಕೆ ಇಳಿಸಿದರು. ಕನಿಷ್ಠ ಹತ್ತು ವರ್ಷ ವೃತ್ತಿಯಲ್ಲಿರುವ ವಕೀಲರು, ಚಾರ್ಟರ್ಡ್ ಅಕೌಂಟೆಂಟರು, ಕಂಪನಿ ಸೆಕ್ರೆಟರಿಗಳು, ಕಾಸ್ಟ್ ಅಕೌಂಟೆಂಟರಿಗೂ ವಿನಾಯಿತಿ ಇದೆ. ಎರಡು ಪೂರ್ಣ ಅವಧಿ ಮುಗಿಸಿ ಮರಳುವವರು ಹತ್ತು ವರ್ಷ ಅದೇ ಮಂಡಳಿಯಲ್ಲಿ ಕೂತವರು. ಆದ್ದರಿಂದ ಷೇರುಪೇಟೆಯಲ್ಲಿರುವ ಕಂಪನಿಗಳ ಮಟ್ಟಿಗೆ ಅವರಲ್ಲಿ ಒಬ್ಬರೂ ಈ ಪರೀಕ್ಷೆಯ ವ್ಯಾಪ್ತಿಗೆ ಬರುವುದಿಲ್ಲ. ಹಾಗೆ ಬರಬೇಕಿತ್ತು ಎಂದು ನಾನು ವಾದಿಸುತ್ತಿಲ್ಲ. ಪರೀಕ್ಷೆ ಅಳೆಯುವುದು ತಿಳಿವಳಿಕೆಯನ್ನು, ಮರಳುವವರ ವಿಷಯದಲ್ಲಿ ಅನುಮಾನವಿರುವುದು ಪ್ರವರ್ತಕರೊಂದಿಗಿನ ಸಲುಗೆಯ ಬಗ್ಗೆ. ಡೇಟಾಬ್ಯಾಂಕಿನಿಂದ ಆರಿಸಿದ ವ್ಯಕ್ತಿ ಯೋಗ್ಯನೇ ಎಂದು ಪರಿಶೀಲಿಸುವ ಹೊಣೆ ನೇಮಿಸುವ ಕಂಪನಿಯದೇ ಎಂದು 150ನೇ ಸೆಕ್ಷನ್ ನೇರವಾಗಿ ಹೇಳುತ್ತದೆ. ಅಲ್ಲಿ ಹೆಸರಿದೆ ಎಂಬುದು ಪ್ರಮಾಣಪತ್ರವಲ್ಲ.

ಅವಧಿಯ ಲೆಕ್ಕ ಮೇಲ್ನೋಟಕ್ಕೆ ಸರಳವಾಗಿದೆ. ಒಂದು ಅವಧಿ ಗರಿಷ್ಠ ಐದು ವರ್ಷ, ಎರಡನೆಯ ಅವಧಿಗೆ ಷೇರುದಾರರ ವಿಶೇಷ ನಿರ್ಣಯ ಬೇಕು, ಬೆನ್ನುಬೆನ್ನಿಗೆ ಎರಡಕ್ಕಿಂತ ಹೆಚ್ಚು ಅವಧಿ ಇರುವಂತಿಲ್ಲ. ಎಡವುವುದು ಚಿಕ್ಕ ಅವಧಿಗಳಲ್ಲಿ. ಒಬ್ಬರನ್ನು ಮೊದಲು ಮೂರು ವರ್ಷಕ್ಕೂ ಆಮೇಲೆ ಎರಡು ವರ್ಷಕ್ಕೂ ನೇಮಿಸಿದ ಕಂಪನಿಯೊಂದು, ಹತ್ತರಲ್ಲಿ ಐದು ವರ್ಷ ಇನ್ನೂ ಉಳಿದಿದೆ ಎಂದು ಭಾವಿಸಿದರೆ ಅದು ತಪ್ಪು. ಅವಧಿ ಐದು ವರ್ಷದ್ದಿರಲಿ, ಅದಕ್ಕಿಂತ ಕಡಿಮೆಯದಿರಲಿ, ಅದನ್ನು ಒಂದು ಅವಧಿಯೆಂದೇ ಎಣಿಸಬೇಕು, ಎರಡೂ ಸೇರಿ ಹತ್ತು ವರ್ಷವಾಗದಿದ್ದರೂ ಎರಡರ ನಂತರ ಸ್ಥಾನ ಬಿಡಬೇಕು ಮತ್ತು ಮೂರು ವರ್ಷ ಪೂರ್ತಿ ಹೊರಗಿರಬೇಕು ಎಂದು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2014ರ ಜೂನ್ 9ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಎರಡನೆಯ ಅವಧಿ ಮುಗಿಯಲು ಕೆಲವು ತಿಂಗಳಿರುವಾಗ ರಾಜೀನಾಮೆ ಕೊಟ್ಟು, ಅವಧಿ ಪೂರ್ಣವಾಗಲಿಲ್ಲ, ಹಾಗಾಗಿ ಕೂಲಿಂಗ್ ಆಫ್ ತಮಗೆ ಅನ್ವಯಿಸುವುದಿಲ್ಲ ಎನ್ನುವವರ ವಾದವೂ ಈ ಸುತ್ತೋಲೆಯ ಮುಂದೆ ನಿಲ್ಲಲಾರದು ಎಂದು ನನ್ನ ಅಭಿಪ್ರಾಯ.

ಈ ಲೇಖನದ ತಿರುಳು 149ನೇ ಸೆಕ್ಷನ್ನಿನ 11ನೇ ಉಪವಿಧಿಗೆ ಸೇರಿಸಿದ ಒಂದು ವಾಕ್ಯದಲ್ಲಿದೆ. ಆ ಮೂರು ವರ್ಷದ ಅವಧಿಯಲ್ಲಿ ಅಂಥ ವ್ಯಕ್ತಿಯನ್ನು ಕಂಪನಿಯಲ್ಲಿ ಬೇರೆ ಯಾವುದೇ ಹುದ್ದೆಗೆ ನೇಮಿಸುವಂತಿಲ್ಲ, ಆತ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಕಂಪನಿಯೊಂದಿಗೆ ಬೇರೆ ಯಾವುದೇ ರೀತಿಯ ಸಂಬಂಧ ಇಟ್ಟುಕೊಳ್ಳುವಂತಿಲ್ಲ ಎಂಬುದು ಅದರ ತಾತ್ಪರ್ಯ. ಇಲ್ಲಿ ಹಣದ ಮಿತಿಯಿಲ್ಲ, ಶೇಕಡಾವಾರು ರಿಯಾಯಿತಿಯಿಲ್ಲ. ಅದೇ ಸೆಕ್ಷನ್ನಿನ 6ನೇ ಉಪವಿಧಿ ಸ್ವತಂತ್ರ ನಿರ್ದೇಶಕ ಯಾರು ಎಂದು ವಿವರಿಸುವಾಗ ಹಲವು ರಿಯಾಯಿತಿಗಳನ್ನು ಕೊಡುತ್ತದೆ. ಕಂಪನಿಯೊಂದಿಗಿನ ಹಣಕಾಸಿನ ವ್ಯವಹಾರ ಆತನ ಒಟ್ಟು ಆದಾಯದ ಶೇ 10ರೊಳಗಿದ್ದರೆ ಅದು ಅಡ್ಡಿಯಾಗುವುದಿಲ್ಲ, ಆತ ಪಾಲುದಾರನಾಗಿರುವ ಸಲಹಾ ಸಂಸ್ಥೆಗೆ ಕಂಪನಿಯಿಂದ ಬಂದ ಮೊತ್ತ ಸಂಸ್ಥೆಯ ಒಟ್ಟು ವಹಿವಾಟಿನ ಶೇ 10ಕ್ಕಿಂತ ಕಡಿಮೆಯಿದ್ದರೂ ಅಡ್ಡಿಯಿಲ್ಲ. ಮೊದಲ ಸಲ ಬರುವವರಿಗೆ ಈ ರಿಯಾಯಿತಿ ಸಾಕು. ಮರಳುವವರು ಎರಡು ಜರಡಿಗಳನ್ನೂ ದಾಟಬೇಕು, ಮತ್ತು 11ನೇ ಉಪವಿಧಿಯ ಜರಡಿಯ ಕಣ್ಣುಗಳು ಹೆಚ್ಚು ಸಣ್ಣವು. ಬಹಳ ಕಂಪನಿಗಳ ಕಡತಗಳು 6ನೇ ಉಪವಿಧಿಯದನ್ನು ಮಾತ್ರ ಪರಿಶೀಲಿಸಿ ಮುಗಿಸುವ ಸಾಧ್ಯತೆ ಇರುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಂಡು ನಡೆಸಿ ನೋಡೋಣ. ಚಾಕಣ ಭಾಗದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ, ಷೇರುಪೇಟೆಯಲ್ಲಿರುವ ಒಂದು ಕಂಪನಿ. ಅದರ ಸ್ವತಂತ್ರ ನಿರ್ದೇಶಕರೊಬ್ಬರು ಧಾರವಾಡ ಮೂಲದವರು, ಪುಣೆಯಲ್ಲಿ ಸಣ್ಣ ಪಾಲುದಾರಿಕೆ ಸಂಸ್ಥೆ ನಡೆಸುವ ಚಾರ್ಟರ್ಡ್ ಅಕೌಂಟೆಂಟ್. ಅವರು ಮಂಡಳಿಗೆ ಬಂದದ್ದು 2004ರಲ್ಲಿ. 2014ರ ಏಪ್ರಿಲ್ 1ರಿಂದ 2019ರ ಮಾರ್ಚ್ 31ರ ತನಕ ಮೊದಲ ಅವಧಿ, ಅಲ್ಲಿಂದ 2024ರ ಮಾರ್ಚ್ 31ರ ತನಕ ಎರಡನೆಯದು. ಹೊರಟಾಗ ವಯಸ್ಸು 64. ಡೇಟಾಬ್ಯಾಂಕಿನಲ್ಲಿ 2020ರ ಫೆಬ್ರವರಿಯಲ್ಲಿ ಐದು ವರ್ಷಕ್ಕೆ ಹೆಸರು ಸೇರಿಸಿದ್ದರು. ಆ ನೋಂದಣಿ 2025ರ ಫೆಬ್ರವರಿಯಲ್ಲಿ ಮುಗಿಯಿತು, ಆಗ ಅವರು ಯಾವ ಮಂಡಳಿಯಲ್ಲೂ ಇರಲಿಲ್ಲವಾದ್ದರಿಂದ ನವೀಕರಿಸುವ ಗೋಜಿಗೆ ಹೋಗಲಿಲ್ಲ. ಈಗ 2027ರ ಏಪ್ರಿಲ್‌ನಲ್ಲಿ ಅವರನ್ನು ಕರೆಯಬೇಕೆಂದು ಪ್ರವರ್ತಕರ ಮನಸ್ಸು.

ಡೇಟಾಬ್ಯಾಂಕಿನ ತೊಡಕು ಇಲ್ಲಿ ಚಿಕ್ಕದು, ಆದರೆ ದಿನಾಂಕದ ವಿಷಯದಲ್ಲಿ ಕಟ್ಟುನಿಟ್ಟಿನದು. ಹಳೆಯ ನೋಂದಣಿ ಹೋಗಿರುವುದರಿಂದ ಅವರು ಹೊಸದಾಗಿ ಅರ್ಜಿ ಹಾಕಬೇಕು, ಅದೂ ನೇಮಕಕ್ಕೆ ಮುಂಚೆ. ಮಂಡಳಿ ನಿರ್ಣಯವಾದ ವಾರದ ನಂತರ ಹೆಸರು ಸೇರಿಸಿದರೆ ಅದು ಉಲ್ಲಂಘನೆಯೇ ಆಗುತ್ತದೆ, ಯಾಕೆಂದರೆ ನೋಂದಣಿಯ ದಿನಾಂಕವೂ ನೇಮಕದ ದಿನಾಂಕವೂ ಕಾಗದದ ಮೇಲೆ ಕಾಣುತ್ತವೆ. ಪರೀಕ್ಷೆಯಿಂದ ಅವರಿಗೆ ಎರಡು ಕಾರಣಕ್ಕೆ ವಿನಾಯಿತಿ ಸಿಗುತ್ತದೆ: ನಿರ್ದೇಶಕರಾಗಿದ್ದ ಅನುಭವಕ್ಕೆ ಒಮ್ಮೆ, ವೃತ್ತಿಗೆ ಇನ್ನೊಮ್ಮೆ.

ನಿಜವಾದ ಪ್ರಶ್ನೆ ನಡುವಿನ ಮೂರು ವರ್ಷದ್ದು. 2025ರ ಜೂನ್‌ನಲ್ಲಿ ಕಂಪನಿಗೆ ಜಿಎಸ್‌ಟಿ ನೋಟಿಸೊಂದು ಬಂತು ಎಂದಿಟ್ಟುಕೊಳ್ಳೋಣ. ಹಣಕಾಸು ವಿಭಾಗದವರು ಪರಿಚಿತರೆಂದು ಇವರ ಸಂಸ್ಥೆಗೇ ಕೆಲಸ ಕೊಟ್ಟರು, 4 ಲಕ್ಷ ರೂಪಾಯಿ ಶುಲ್ಕ ಸಂದಾಯವಾಯಿತು. ಸಂಸ್ಥೆಯ ಆ ವರ್ಷದ ಒಟ್ಟು ವಹಿವಾಟು 1.2 ಕೋಟಿ. ಶೇಕಡಾ ಲೆಕ್ಕದಲ್ಲಿ ಇದು ಮೂರೂ ಚಿಲ್ಲರೆ. 6ನೇ ಉಪವಿಧಿಯಲ್ಲಿ ಸಲಹಾ ಸಂಸ್ಥೆಗಳಿಗೆ ಇಟ್ಟ ಹತ್ತರ ಮಿತಿಯೊಳಗೆ ಇದು ಆರಾಮಾಗಿ ಕೂರುತ್ತದೆ. ಆದರೆ 11ನೇ ಉಪವಿಧಿಯ ಕಣ್ಣಲ್ಲಿ, ಕೂಲಿಂಗ್ ಆಫ್ ಅವಧಿಯಲ್ಲಿ ಅವರು ಕಂಪನಿಯೊಂದಿಗೆ ಪರೋಕ್ಷವಾಗಿ ಸಂಬಂಧ ಹೊಂದಿದ್ದರು ಎಂಬುದಕ್ಕೆ ಆ ಬಿಲ್ಲು ಸಾಕ್ಷಿಯಾಗುತ್ತದೆ. ಹಾಗಾದಾಗ ಮೂರು ವರ್ಷದ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆಯೇ ಎಂಬುದನ್ನು ಕಾಯ್ದೆ ಬಿಡಿಸಿ ಹೇಳಿಲ್ಲ. ನನ್ನನ್ನು ಕೇಳಿದರೆ, ಆ ಕೆಲಸ ಮುಗಿದ ದಿನದಿಂದ ಹೊಸದಾಗಿ ಮೂರು ವರ್ಷ ಎಣಿಸುವುದೊಂದೇ ಸುರಕ್ಷಿತ ದಾರಿ. ಯಾಕೆಂದರೆ ನೇಮಕದ ನೋಟಿಸಿನಲ್ಲಿ, ಈ ವ್ಯಕ್ತಿ ಕಾಯ್ದೆಯ ಷರತ್ತುಗಳನ್ನು ಪೂರೈಸುತ್ತಾರೆ ಎಂದು ಮಂಡಳಿ ತನ್ನ ಅಭಿಪ್ರಾಯವನ್ನು ಬರೆದುಕೊಡಬೇಕು, ಆ ಬಿಲ್ಲು ಕಡತದಲ್ಲಿರುವಾಗ ಹಾಗೆ ಬರೆಯುವುದು ಪ್ರಾಮಾಣಿಕವಾಗುವುದಿಲ್ಲ.

ಇದಕ್ಕಿಂತ ಹೆಚ್ಚು ಕಾಣಸಿಗಬಹುದಾದ ಸಂದರ್ಭ ಅಂಗಸಂಸ್ಥೆಯದು. ಕಂಪನಿಗೆ ಗೋವಾದ ವೆರ್ಣಾದಲ್ಲಿ ಪೂರ್ಣ ಸ್ವಾಮ್ಯದ ಅಂಗಸಂಸ್ಥೆಯೊಂದಿದೆ ಎನ್ನೋಣ. ನಮ್ಮ ಅಕೌಂಟೆಂಟರು ತಾಯಿ ಕಂಪನಿಯಿಂದ ಹೊರಬಂದರೂ ಅಂಗಸಂಸ್ಥೆಯ ಮಂಡಳಿಯಲ್ಲಿ ಉಳಿದುಕೊಂಡರು. ಕಾಯ್ದೆ ಕೂಲಿಂಗ್ ಆಫ್ ಬಗ್ಗೆ ಮಾತನಾಡುವಾಗ "ಕಂಪನಿ" ಎಂದಷ್ಟೇ ಹೇಳುತ್ತದೆ. ಸ್ವಾತಂತ್ರ್ಯದ ವ್ಯಾಖ್ಯೆ ಕೊಡುವಾಗ ಹೋಲ್ಡಿಂಗ್, ಅಂಗ ಮತ್ತು ಸಹ ಕಂಪನಿಗಳನ್ನು ಹೆಸರಿಸಿ ಸೇರಿಸಿದ ಶಾಸನಕರ್ತರು ಇಲ್ಲಿ ಅವನ್ನು ಸೇರಿಸಲಿಲ್ಲ ಎಂಬುದು ಕಂಪನಿಗಳ ಪರವಾದ ವಾದ. ಆ ವಾದಕ್ಕೆ ಬಲವಿಲ್ಲ ಎಂದು ಹೇಳಲಾರೆ. ಹಾಗಿದ್ದೂ ಪೂರ್ಣ ಸ್ವಾಮ್ಯದ ಅಂಗಸಂಸ್ಥೆಯ ಎಲ್ಲ ಷೇರು ತಾಯಿ ಕಂಪನಿಯ ಕೈಯಲ್ಲಿರುತ್ತದೆ, ಅಲ್ಲಿ ನಿರ್ದೇಶಕರನ್ನು ಕೂರಿಸುವುದೂ ಇಳಿಸುವುದೂ ತಾಯಿ ಕಂಪನಿಯೇ, ಅದರ ಲೆಕ್ಕ ತಾಯಿ ಕಂಪನಿಯ ಕ್ರೋಡೀಕೃತ ಲೆಕ್ಕದಲ್ಲಿ ಸೇರುತ್ತದೆ. "ಪರೋಕ್ಷ" ಎಂಬುದಕ್ಕೆ ಏನಾದರೂ ಅರ್ಥವಿದ್ದರೆ ಅದು ಇಂಥ ಕುರ್ಚಿಯನ್ನು ಒಳಗೊಳ್ಳಲೇಬೇಕು. ಒಂದೇ ಪ್ರವರ್ತಕರ ಬೇರೊಂದು ಸ್ವತಂತ್ರ ಲಿಸ್ಟೆಡ್ ಕಂಪನಿಗೆ ಹೋಗಿ ಅಲ್ಲಿ ಸ್ವತಂತ್ರ ನಿರ್ದೇಶಕರಾಗುವುದು ಬೇರೆ ಮಾತು. ಅದನ್ನು ಕಾಯ್ದೆಯ ಮಾತುಗಳು ತಡೆಯುವುದಿಲ್ಲ, ಆದರೆ ಹತ್ತು ವರ್ಷ ಒಂದು ಕಂಪನಿಯಲ್ಲಿ, ಮೂರು ವರ್ಷ ಅದೇ ಕುಟುಂಬದ ಇನ್ನೊಂದು ಕಂಪನಿಯಲ್ಲಿ, ಮತ್ತೆ ಹತ್ತು ವರ್ಷ ಮೊದಲನೆಯದರಲ್ಲಿ ಕೂತವರ ಸಲುಗೆ ಎಲ್ಲಿ ಕಡಿಮೆಯಾಯಿತು ಎಂದು ಷೇರುದಾರರು ಕೇಳಬಹುದು.

ಕಂಪನಿ ನಡೆಸುವ ಸಿಎಸ್ಆರ್ ಟ್ರಸ್ಟಿನ ಟ್ರಸ್ಟಿಯಾಗುವುದು, "ಹಿರಿಯ ಮಾರ್ಗದರ್ಶಕ" ಎಂಬ ಹೆಸರಿನಲ್ಲಿ ಮಂಡಳಿ ಸಭೆಗೆ ಆಹ್ವಾನಿತರಾಗಿ ಬರುವುದು, ಸಂಭಾವನೆಯಿಲ್ಲದೆ ಸಲಹೆ ಕೊಡುವುದು, ಇವೆಲ್ಲ ಹಣ ಕೈಬದಲಾಯಿಸದ ಸಂಬಂಧಗಳು. ನಿಷೇಧ ಇರುವುದು ಸಂಬಂಧಕ್ಕೆ, ಹಣಕ್ಕಲ್ಲ, ಆದ್ದರಿಂದ ಇವೂ ಅಡ್ಡಿಯೇ. ಆದರೆ ಇಂಥವು ಲೆಕ್ಕಪತ್ರದಲ್ಲಿ ಕಾಣುವುದಿಲ್ಲವಾದ್ದರಿಂದ ಹಿಡಿಯುವುದು ಕಷ್ಟ. ಇದಕ್ಕೆ ವ್ಯತಿರಿಕ್ತವಾಗಿ, ನೋಡಿದೊಡನೆ ಅನುಮಾನ ಹುಟ್ಟಿಸಿದರೂ ತಪ್ಪಲ್ಲದ ಒಂದು ಪಾವತಿ ಇದೆ. 2023-24ರ ಲಾಭದ ಮೇಲಿನ ಕಮಿಷನ್ನು ಸಾಮಾನ್ಯವಾಗಿ ಮಹಾಸಭೆಯಲ್ಲಿ ಲೆಕ್ಕಪತ್ರ ಅಂಗೀಕಾರವಾದ ಮೇಲೆ, ಅಂದರೆ 2024ರ ಆಗಸ್ಟ್ ಹೊತ್ತಿಗೆ ಕೈಸೇರುತ್ತದೆ. ಅಷ್ಟರಲ್ಲಿ ನಿರ್ದೇಶಕರು ಹೊರಟು ನಾಲ್ಕೈದು ತಿಂಗಳಾಗಿರುತ್ತದೆ. ಇದು ನಿರ್ದೇಶಕರಾಗಿದ್ದಾಗ ಗಳಿಸಿದ ಸಂಭಾವನೆಯ ಬಾಕಿ, ಹೊಸ ಸಂಬಂಧವಲ್ಲ. ವಾರ್ಷಿಕ ವರದಿಯಲ್ಲಿ ಇಂಥ ಸಾಲನ್ನು ನೋಡಿದವರು ಯಾವ ವರ್ಷದ ಬಾಬ್ತು ಎಂದು ಕೇಳಿ ತಿಳಿದುಕೊಂಡರೆ ಸಾಕು.

ಎರಡು ಅವಧಿ ಮುಗಿದ ಕೂಡಲೇ ಅದೇ ವ್ಯಕ್ತಿಯನ್ನು ಸ್ವತಂತ್ರನಲ್ಲದ ನಿರ್ದೇಶಕನಾಗಿ ಮಂಡಳಿಯಲ್ಲಿ ಉಳಿಸಿಕೊಳ್ಳಬಹುದೇ ಎಂಬುದರ ಮೇಲೂ ಎರಡು ಓದುಗಳಿವೆ. ಸ್ವತಂತ್ರ ಸ್ಥಾನಕ್ಕೆ ಮರಳುವ ಇಚ್ಛೆಯಿರುವವರಿಗೆ ಮಾತ್ರ ಈ ಮೂರು ವರ್ಷದ ವ್ರತ, ಮರಳುವ ಆಸೆಯಿಲ್ಲದವರಿಗೆ ಅನ್ವಯಿಸದು ಎಂಬುದು ಒಂದು. ಷರತ್ತಿನ ಭಾಷೆ "ನೇಮಿಸತಕ್ಕದ್ದಲ್ಲ" ಎಂಬ ನೇರ ನಿಷೇಧವಾದ್ದರಿಂದ ಯಾರಿಗೂ ಬಿಡುವಿಲ್ಲ ಎಂಬುದು ಇನ್ನೊಂದು. ನನಗೆ ಎರಡನೆಯದು ಸರಿಯೆನಿಸುತ್ತದೆ. ಷೇರುಪೇಟೆಯ ನಿಯಂತ್ರಕ ಸೆಬಿ ಲಿಸ್ಟೆಡ್ ಕಂಪನಿಗಳಿಗೆ ಹಾಕಿಕೊಟ್ಟ ಎಲ್‌ಒಡಿಆರ್ ನಿಯಮಾವಳಿ, ರಾಜೀನಾಮೆ ಕೊಟ್ಟ ಸ್ವತಂತ್ರ ನಿರ್ದೇಶಕರು ಅದೇ ಕಂಪನಿಯ ಅಥವಾ ಅದರ ಸಮೂಹದ ಪೂರ್ಣಾವಧಿ ನಿರ್ದೇಶಕರಾಗಲು ಒಂದು ವರ್ಷ ಕಾಯಬೇಕೆಂದು ಹೇಳುತ್ತದೆ ನಿಜ. ಅದು ಅವಧಿಯ ನಡುವೆ ರಾಜೀನಾಮೆ ಕೊಟ್ಟವರ ಮಾತು, ಎರಡು ಅವಧಿ ಪೂರೈಸಿದವರಿಗೆ ಕಾಯ್ದೆ ಇಟ್ಟ ಮೂರು ವರ್ಷವನ್ನು ಅದು ಒಂದಕ್ಕೆ ಇಳಿಸುವುದಿಲ್ಲ.

ಮರಳುವಿಕೆ ಷೇರುದಾರರ ಮುಂದೆ ಬರುವುದು ವಿಶೇಷ ನಿರ್ಣಯವಾಗಿ. 2022ರ ಜನವರಿ 1ರಿಂದ ಲಿಸ್ಟೆಡ್ ಕಂಪನಿಗಳಲ್ಲಿ ಸ್ವತಂತ್ರ ನಿರ್ದೇಶಕರ ಮೊದಲ ನೇಮಕಕ್ಕೂ ವಿಶೇಷ ನಿರ್ಣಯ ಬೇಕು, ಮಂಡಳಿ ನೇಮಿಸಿದ ಮೂರು ತಿಂಗಳೊಳಗೆ ಅಥವಾ ಮುಂದಿನ ಮಹಾಸಭೆಯಲ್ಲಿ, ಯಾವುದು ಮೊದಲೋ ಆಗ, ಅದನ್ನು ಪಡೆಯಬೇಕು. ವಿಶೇಷ ನಿರ್ಣಯವೆಂದರೆ ಚಲಾಯಿಸಿದ ಮತಗಳಲ್ಲಿ ಪರವಾದವು ವಿರುದ್ಧವಾದವುಗಳ ಮೂರು ಪಟ್ಟಿಗಿಂತ ಕಡಿಮೆಯಿರಬಾರದು. ಇದು ದೊಡ್ಡ ತಡೆಯೆಂದು ತೋರುತ್ತದೆ, ಆದರೆ ಲೆಕ್ಕ ಹಾಕಿ ನೋಡಬೇಕು. ನಮ್ಮ ಚಾಕಣ ಕಂಪನಿಯಲ್ಲಿ ಪ್ರವರ್ತಕರ ಕೈಯಲ್ಲಿ 100ಕ್ಕೆ 55 ಷೇರು, ಸಾರ್ವಜನಿಕರ ಕೈಯಲ್ಲಿ 45, ಅದರಲ್ಲಿ ಮತ ಹಾಕುವುದು 30 ಎನ್ನೋಣ. ಒಟ್ಟು ಮತ 85. ಅದರ ಮುಕ್ಕಾಲು 63.75. ಪ್ರವರ್ತಕರ 55 ಕಳೆದರೆ ಸಾರ್ವಜನಿಕರಿಂದ ಬೇಕಾದದ್ದು 8.75 ಮಾತ್ರ. ಅಂದರೆ ಮತ ಹಾಕಿದ ಸಾರ್ವಜನಿಕ ಷೇರುಗಳಲ್ಲಿ ಹತ್ತರಲ್ಲಿ ಏಳು ಭಾಗ ವಿರೋಧಿಸಿದರೂ ನಿರ್ಣಯ ಗೆಲ್ಲುತ್ತದೆ. ಪ್ರವರ್ತಕರ ಪಾಲು ಕಡಿಮೆಯಿರುವ ಕಂಪನಿಗಳಲ್ಲಷ್ಟೇ ಈ ತಡೆಗೆ ಹಲ್ಲಿದೆ. ಅಲ್ಲಿಯೂ 2022ರ ನವೆಂಬರ್‌ನಲ್ಲಿ ಸೆಬಿ ಒಂದು ಬದಲಿ ದಾರಿ ತೆರೆದಿದೆ: ವಿಶೇಷ ನಿರ್ಣಯ ಬಿದ್ದುಹೋದರೂ, ಒಟ್ಟಾರೆ ಮತಗಳಲ್ಲೂ ಸಾರ್ವಜನಿಕರ ಮತಗಳಲ್ಲೂ ಪರವಾದವು ಹೆಚ್ಚಿದ್ದರೆ ನೇಮಕವಾದಂತೆಯೇ. ಸಾರ್ವಜನಿಕರ ಮತವನ್ನು ಬೇರೆಯಾಗಿ ಎಣಿಸುವ ಈ ಕ್ರಮವನ್ನು ಮರಳುವವರ ಮಟ್ಟಿಗೆ ಬದಲಿ ದಾರಿಯಾಗಿರಿಸದೆ ಕಡ್ಡಾಯ ಮಾಡಿದ್ದರೆ, ಮೇಲಿನ ಲೆಕ್ಕದಲ್ಲಿ 8.75ರ ಜಾಗದಲ್ಲಿ 15ಕ್ಕಿಂತ ಹೆಚ್ಚು ಮತ ಬೇಕಾಗುತ್ತಿತ್ತು.

ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ಎಣಿಕೆ ಸೊನ್ನೆಯಿಂದ ಶುರುವಾಗುವುದು. ಮೂರು ವರ್ಷ ಕಳೆದು ಮರಳಿದವರಿಗೆ ಕಾಯ್ದೆಯ ಪ್ರಕಾರ ಮತ್ತೆ ಎರಡು ಅವಧಿ ಸಿಗುತ್ತದೆ. ಕಾಯ್ದೆ ಜಾರಿಯಾಗುವ ಮುಂಚಿನ ವರ್ಷಗಳನ್ನು ಎಣಿಸಬೇಕಿಲ್ಲ ಎಂದು ಅದೇ ಸೆಕ್ಷನ್ನಿನ ವಿವರಣೆ ಹೇಳುತ್ತದೆ. ನಮ್ಮ ಅಕೌಂಟೆಂಟರು 2004ರಿಂದ 2014ರ ತನಕ ಕೂತ ಹತ್ತು ವರ್ಷ ಲೆಕ್ಕದಲ್ಲಿಲ್ಲ, 2014ರಿಂದ 2024ರ ಹತ್ತು ವರ್ಷ ಮೂರು ವರ್ಷದ ವಿರಾಮದಿಂದ ಅಳಿಸಿಹೋಯಿತು, 2027ರಿಂದ 2037ರ ತನಕ ಇನ್ನೊಂದು ಹತ್ತು ವರ್ಷ ತೆರೆದಿದೆ. ಒಂದೇ ಮಂಡಳಿಯಲ್ಲಿ ಮೂವತ್ತು ವರ್ಷ ಕೂತವರನ್ನು ಕಾನೂನು ಯಾವ ದಿನವೂ ಹತ್ತು ವರ್ಷಕ್ಕಿಂತ ಹಳಬರೆಂದು ಕಾಣುವುದಿಲ್ಲ. ಬ್ರಿಟನ್ನಿನ ಆಡಳಿತ ಸಂಹಿತೆ, ಮೊದಲ ನೇಮಕದ ದಿನದಿಂದ ಒಂಬತ್ತು ವರ್ಷ ದಾಟಿದವರ ಸ್ವಾತಂತ್ರ್ಯವನ್ನು ಪ್ರಶ್ನಿಸುತ್ತದೆ. ನಮ್ಮಲ್ಲೇ ರಿಸರ್ವ್ ಬ್ಯಾಂಕ್ 2021ರ ಏಪ್ರಿಲ್‌ನ ಸುತ್ತೋಲೆಯಲ್ಲಿ, ಖಾಸಗಿ ಬ್ಯಾಂಕಿನ ಕಾರ್ಯನಿರ್ವಾಹಕರಲ್ಲದ ನಿರ್ದೇಶಕರ ಅವಧಿ ಸತತವಾಗಿರಲಿ, ಬಿಡಿಬಿಡಿಯಾಗಿರಲಿ, ಒಟ್ಟು ಎಂಟು ವರ್ಷ ಮೀರಬಾರದು, ಎಂಟಾದ ಮೇಲೆ ಮೂರು ವರ್ಷ ಹೊರಗಿರಬೇಕು ಎಂದಿತು. ಬಿಡಿ ವರ್ಷಗಳನ್ನು ಕೂಡಿಸುವ ಆ ಕ್ರಮ ಕಂಪನಿ ಕಾಯ್ದೆಗೂ ಬೇಕು. ಲೆಕ್ಕಪರಿಶೋಧಕ ಸಂಸ್ಥೆಗಳಿಗೆ ಇದೇ ಕಾಯ್ದೆ ಎರಡು ಅವಧಿಯ ನಂತರ ಐದು ವರ್ಷದ ಕೂಲಿಂಗ್ ಆಫ್ ಇಟ್ಟಿದೆ. ಲೆಕ್ಕ ನೋಡುವವರಿಗೆ ಐದು, ಆ ಲೆಕ್ಕದವರನ್ನು ಪ್ರಶ್ನಿಸಬೇಕಾದ ಆಡಿಟ್ ಸಮಿತಿಯಲ್ಲಿ ಕೂರುವವರಿಗೆ ಮೂರು ಎಂಬ ಅಂತರಕ್ಕೆ ನನಗೆ ಕಾರಣ ಕಾಣುವುದಿಲ್ಲ.

ಎಲ್ಲ ಮರಳುವಿಕೆಯೂ ಕೆಟ್ಟದ್ದೆಂದು ಇದರ ಅರ್ಥವಲ್ಲ. ಬಿಡಿಭಾಗ ತಯಾರಿಕೆಯಂಥ ಉದ್ಯಮದಲ್ಲಿ ಕಚ್ಚಾ ಉಕ್ಕಿನ ಒಪ್ಪಂದ, ಗ್ರಾಹಕ ಕಂಪನಿಗಳ ದರ ಇಳಿಕೆಯ ಒತ್ತಡ, ಸಂಬಂಧಿತ ಪಕ್ಷಗಳಿಂದ ಆಗುವ ಖರೀದಿ, ಇವುಗಳ ಒಳಹೊರಗು ಗೊತ್ತಿರುವ ಹಳೆಯ ನಿರ್ದೇಶಕರು ಹೊಸಬರಿಗಿಂತ ಚುರುಕಾದ ಪ್ರಶ್ನೆ ಕೇಳಬಲ್ಲರು. ಅಂಥವರನ್ನು ಕರೆಯುವ ಕಂಪನಿಗೆ ಮುಚ್ಚಿಡಬೇಕಾದ್ದು ಏನೂ ಇರುವುದಿಲ್ಲ. ಆದ್ದರಿಂದ ನೋಟಿಸಿನ ವಿವರಣಾತ್ಮಕ ಹೇಳಿಕೆಯಲ್ಲಿ ಷೇರುದಾರರು ಹುಡುಕಬೇಕಾದದ್ದು ಅವರ ಪದವಿ, ಪ್ರಶಸ್ತಿಗಳ ಪಟ್ಟಿಯನ್ನಲ್ಲ, ಆ ಮೂರು ವರ್ಷದ ಲೆಕ್ಕವನ್ನು. ಮಂಡಳಿಯಿಂದ ಹೊರಟ ದಿನಾಂಕ ಮತ್ತು ಮರಳುವ ದಿನಾಂಕ ಇದೆಯೇ, ನಡುವೆ ಅವರೂ ಅವರ ಸಂಸ್ಥೆಯೂ ಸಮೂಹದ ಯಾವ ಕಂಪನಿಯಿಂದ ಏನು ಪಡೆದರು, ಯಾವ ಅಂಗಸಂಸ್ಥೆ ಅಥವಾ ಟ್ರಸ್ಟಿನಲ್ಲಿದ್ದರು, ಅವರು ತೆರವು ಮಾಡಿದ ಕುರ್ಚಿಯಲ್ಲಿ ಈ ಮೂರು ವರ್ಷ ಕೂತವರು ಯಾರು, ಈಗ ಯಾಕೆ ಹೊರಟರು, ನಾಮನಿರ್ದೇಶನ ಮತ್ತು ಸಂಭಾವನೆ ಸಮಿತಿ ಬೇರೆ ಎಷ್ಟು ಜನರನ್ನು ಪರಿಗಣಿಸಿತು. ಕುರ್ಚಿಯ ಪ್ರಶ್ನೆ ಮುಖ್ಯ: ಅವರದೇ ಸಂಸ್ಥೆಯ ಕಿರಿಯ ಪಾಲುದಾರರೊಬ್ಬರು ಮೂರು ವರ್ಷ ಕೂತು, ಹಿರಿಯರ ಕೂಲಿಂಗ್ ಆಫ್ ಮುಗಿದ ತಿಂಗಳಲ್ಲೇ ರಾಜೀನಾಮೆ ಕೊಟ್ಟರೆ, ಪ್ರತಿ ದಾಖಲೆಯೂ ಬಿಡಿಬಿಡಿಯಾಗಿ ಸರಿಯಿದ್ದರೂ ಒಟ್ಟಿಗೆ ಓದಿದಾಗ ಕುರ್ಚಿ ಖಾಲಿಯೇ ಆಗಿರಲಿಲ್ಲ ಎಂದು ತಿಳಿಯುತ್ತದೆ. ಹಳೆಯ ವಾರ್ಷಿಕ ವರದಿಗಳ ಕಾರ್ಪೊರೇಟ್ ಆಡಳಿತ ಅಧ್ಯಾಯ, ಸಂಬಂಧಿತ ಪಕ್ಷಗಳ ಟಿಪ್ಪಣಿ, ಷೇರುಪೇಟೆಗೆ ಕೊಟ್ಟ ರಾಜೀನಾಮೆ ಪತ್ರಗಳು ಇವನ್ನು ಪಕ್ಕಪಕ್ಕ ಇಟ್ಟರೆ ಇದು ಕಾಣುತ್ತದೆ, ಇವೆಲ್ಲ ಸಾರ್ವಜನಿಕವಾಗಿ ಸಿಗುವಂಥವೇ.

ನೋಟಿಸು ಸಭೆಗೆ 21 ಪೂರ್ಣ ದಿನ ಮುಂಚೆ ಬರುತ್ತದೆ, ಇ-ಮತದಾನ ಕನಿಷ್ಠ ಮೂರು ದಿನ ತೆರೆದಿದ್ದು ಸಭೆಯ ಹಿಂದಿನ ದಿನ ಸಂಜೆ 5 ಗಂಟೆಗೆ ಮುಚ್ಚುತ್ತದೆ. ಕಂಪನಿ ಸೆಕ್ರೆಟರಿಗೆ ಈ ಪ್ರಶ್ನೆಗಳನ್ನು ಇಮೇಲ್ ಮಾಡಿ ಉತ್ತರ ಬಂದ ಮೇಲೆ ಮತ ಹಾಕಲು ಅಷ್ಟು ಸಮಯ ಸಾಕು. ಉತ್ತರ ಬಾರದಿದ್ದರೆ ವಿರುದ್ಧ ಮತ ಹಾಕಲು ಅದೇ ಕಾರಣ ಸಾಕಾಗುತ್ತದೆ ಎಂದು ನಾನು ತಿಳಿದಿದ್ದೇನೆ.

ನಮ್ಮ ಉದಾಹರಣೆಯ ಅಕೌಂಟೆಂಟರು ಮೂರು ವರ್ಷ ನಿಜವಾಗಿಯೂ ದೂರವಿದ್ದು, 2027ರಲ್ಲಿ 67ನೇ ವಯಸ್ಸಿಗೆ ಮರಳಿದರು ಎನ್ನೋಣ. 2032ರಲ್ಲಿ ಅವರ ಮರುನೇಮಕದ ಪ್ರಶ್ನೆ ಬಂದಾಗ ವಯಸ್ಸು 72 ಆಗಿರುತ್ತದೆ, ಅವಧಿಯ ನಡುವೆ 75 ದಾಟುತ್ತದೆ. ಹಾಗೆ ದಾಟುವವರನ್ನು ಮಂಡಳಿಯಲ್ಲಿ ಉಳಿಸಿಕೊಳ್ಳಲು ವಿಶೇಷ ನಿರ್ಣಯ ಪಡೆದು, ನೋಟಿಸಿನಲ್ಲಿ ಕಾರಣ ಬರೆಯಬೇಕು ಎಂದು ಎಲ್‌ಒಡಿಆರ್ ನಿಯಮಾವಳಿ ಕೇಳುತ್ತದೆ. ಎಪ್ಪತ್ತೈದಾದ ಮೇಲೂ ಇವರೇ ಯಾಕೆ ಬೇಕು ಎಂಬುದಕ್ಕೆ ಕಂಪನಿ ಆಗ ಲಿಖಿತ ಸಮರ್ಥನೆ ಕೊಡಬೇಕಾಗುತ್ತದೆ. ಆ ಹೊತ್ತಿಗೆ ಅವರು ಅದೇ ಮಂಡಳಿಯಲ್ಲಿ ಒಟ್ಟು ಇಪ್ಪತ್ತೈದು ವರ್ಷ ಕೂತಿರುತ್ತಾರೆ. ಅದಕ್ಕೆ ಸಮರ್ಥನೆ ಕೇಳುವ ನಿಯಮ ಮಾತ್ರ ಇಂದಿನ ಕಾಯ್ದೆಯಲ್ಲಿ ಇಲ್ಲ.